ಆನ್‌ಲೈನ್ ಆರ್ಡರ್‌ಗೆ ಕಾರ್ಡ್ ಶುಲ್ಕ, ಕರೆನ್ಸಿ ಪರಿವರ್ತನೆ: ಸೂಚನೆಯ ಒಕ್ಕಣೆ ಹೇಗಿರಬೇಕು?

ಸುಮಾ ಕೆ.

ನಮ್ಮ ಆನ್‌ಲೈನ್ ಅಂಗಡಿಯಲ್ಲಿ ಬೆಲೆಗಳೆಲ್ಲ ಡಾಲರ್‌ನಲ್ಲಿವೆ. ಕೊಳ್ಳುವವರಲ್ಲಿ ಅನೇಕರ ಕಾರ್ಡ್ ಬೇರೆ ಕರೆನ್ಸಿಯದು. ಚೆಕ್‌ಔಟ್ ಪುಟದ ಕೆಳಗೆ ಈಗ ಇರುವ ಸೂಚನೆ ಇದು:

"ಕಾರ್ಡ್ ಮೂಲಕ ಪಾವತಿಸುವವರಿಗೆ 3%ವರೆಗೆ ಸಂಸ್ಕರಣಾ ಶುಲ್ಕ ಅನ್ವಯವಾಗಬಹುದು. ಅಂತಾರಾಷ್ಟ್ರೀಯ ವಹಿವಾಟುಗಳನ್ನು ಚಾಲ್ತಿಯಲ್ಲಿರುವ ವಿನಿಮಯ ದರದಂತೆ ಪರಿವರ್ತಿಸಲಾಗುವುದು. ದರಗಳು ಪೂರ್ವಸೂಚನೆಯಿಲ್ಲದೆ ಬದಲಾಗಬಹುದು."

ನಿಜದಲ್ಲಿ ನಾವು ಹಾಕುವುದು ಕ್ರೆಡಿಟ್ ಕಾರ್ಡ್‌ಗೆ 1.5% ಮಾತ್ರ, ಡೆಬಿಟ್ ಕಾರ್ಡ್‌ಗೆ ಏನೂ ಇಲ್ಲ. "ನಿಮ್ಮ ಕರೆನ್ಸಿಯಲ್ಲೇ ಪಾವತಿಸಿ" ಎಂಬ ಆಯ್ಕೆಯೂ ಇದೆ, ಅದನ್ನು ನಮ್ಮ ಕಾರ್ಡ್ ಪಾವತಿ ನಡೆಸಿಕೊಡುವ ಗೇಟ್‌ವೇ ಕಂಪನಿ ಒದಗಿಸುತ್ತದೆ. ಈ ಸೂಚನೆಯನ್ನು ಓದುವವರಿಗೆ ಅರ್ಥವಾಗುವ ಹಾಗೆ ಬರೆಯಬೇಕು. ಎಲ್ಲಿಂದ ಶುರು ಮಾಡಲಿ?

ಪ್ರಕಾಶ್ ಎಂ.

ಸುಮಾ ಅವರೇ, ಕಾರ್ಡ್ ಮೇಲೆ ಹೆಚ್ಚುವರಿ ಶುಲ್ಕ ಹಾಕುವುದೇ ಕಾನೂನುಬಾಹಿರ ಅಲ್ಲವೇ? ಅದನ್ನು ತೆಗೆದುಹಾಕಿದರೆ ಅರ್ಧ ಸೂಚನೆಯೇ ಬೇಕಾಗುವುದಿಲ್ಲ. ಇನ್ನು ಕರೆನ್ಸಿ ವಿಷಯ. "ನಿಮ್ಮ ಕರೆನ್ಸಿಯಲ್ಲೇ ಪಾವತಿಸಿದರೆ ಬ್ಯಾಂಕಿನ ವಿದೇಶಿ ವಹಿವಾಟು ಶುಲ್ಕ ಬೀಳುವುದಿಲ್ಲ" ಅಂತ ಒಂದು ಸಾಲು ಹಾಕಿ. ಜನಕ್ಕೆ ಅದು ತಿಳಿದರೆ ಸಾಕು.

ಲೆಕ್ಕದ ಪುಟ

ಪ್ರಕಾಶ್, ಎರಡೂ ಮಾತು ಅರ್ಧ ಸರಿ.

ಶುಲ್ಕದ ನಿಷೇಧ ಎಲ್ಲ ಕಡೆ ಇಲ್ಲ. ಯುರೋಪಿಯನ್ ಒಕ್ಕೂಟದಲ್ಲಿ 2018ರ ಜನವರಿ 13ರಿಂದ ಗ್ರಾಹಕರ ಸಾಮಾನ್ಯ ಡೆಬಿಟ್, ಕ್ರೆಡಿಟ್ ಕಾರ್ಡ್‌ಗಳ ಮೇಲೆ ಅಂಗಡಿಯವರು ಶುಲ್ಕ ಹಾಕುವಂತಿಲ್ಲ. ಆಸ್ಟ್ರೇಲಿಯಾದಲ್ಲಿ 2016ರಲ್ಲಿ ಬಂದ ನಿಯಮದ ತಿರುಳು ಬೇರೆ ಇತ್ತು: ಕಾರ್ಡ್ ಸ್ವೀಕರಿಸಲು ನಿಮಗೆ ತಗಲುವ ವೆಚ್ಚಕ್ಕಿಂತ ಹೆಚ್ಚು ವಸೂಲಿ ಮಾಡಬೇಡಿ. ಅಮೆರಿಕದಲ್ಲಿ ಬಹುತೇಕ ರಾಜ್ಯಗಳು ಬಿಡುತ್ತವೆ, ಆದರೆ ಅಲ್ಲಿ ಡೆಬಿಟ್ ಕಾರ್ಡ್ ಮೇಲೆ ಹಾಕಲು ವೀಸಾ, ಮಾಸ್ಟರ್‌ಕಾರ್ಡ್‌ನಂಥ ಕಾರ್ಡ್ ಜಾಲಗಳ ನಿಯಮವೇ ಬಿಡುವುದಿಲ್ಲ. ಸುಮಾ ಅವರೇ, ನೀವು ಎಲ್ಲಿ ನೋಂದಾಯಿಸಿದ್ದೀರಿ, ಕೊಳ್ಳುವವರ ಕಾರ್ಡ್ ಎಲ್ಲಿಯದು ಎನ್ನುವುದನ್ನು ನಿಮ್ಮ ಅಂಗಡಿಯ ಪರವಾಗಿ ಕಾರ್ಡ್ ಹಣ ಪಡೆಯುವ ಬ್ಯಾಂಕಿನ ಹತ್ತಿರ ಒಮ್ಮೆ ಖಚಿತ ಮಾಡಿಕೊಳ್ಳಿ. ಒಕ್ಕಣೆ ಅದಾದ ಮೇಲಿನ ಮಾತು.

ಎರಡನೆಯದು: ಸ್ವಂತ ಕರೆನ್ಸಿಯಲ್ಲಿ ಕಟ್ಟಿದರೂ ಅಂಗಡಿ ವಿದೇಶದ್ದಾಗಿದ್ದರೆ ಶುಲ್ಕ ಹಾಕುವ ಬ್ಯಾಂಕುಗಳಿವೆ. ಅವು ನೋಡುವುದು ಕರೆನ್ಸಿಯನ್ನಲ್ಲ, ಅಂಗಡಿ ಯಾವ ದೇಶದ್ದು ಎನ್ನುವುದನ್ನು. ಆದ್ದರಿಂದ "ಬ್ಯಾಂಕ್ ಶುಲ್ಕ ಬೀಳುವುದಿಲ್ಲ" ಎಂದು ಅಂಗಡಿಯವರು ಭರವಸೆ ಕೊಡಲೇಬಾರದು. ಅದು ನಿಮ್ಮ ಕೈಯಲ್ಲಿಲ್ಲ.

ಈಗಿನ ಸೂಚನೆಯ ದೊಡ್ಡ ತೊಂದರೆ ಅಂದರೆ ಮೂರು ಬೇರೆ ಬೇರೆ ಜನ ತೆಗೆದುಕೊಳ್ಳುವ ಹಣವನ್ನು ಅದು ಒಂದೇ ಮೂಟೆಯಲ್ಲಿ ಕಟ್ಟಿದೆ. 1.5% ತೆಗೆದುಕೊಳ್ಳುವುದು ನೀವು. ಪರಿವರ್ತನೆಯ ದರದ ಮೇಲೆ ಸೇರಿಸುವ ಮಾರ್ಕಪ್ ತೆಗೆದುಕೊಳ್ಳುವುದು ಗೇಟ್‌ವೇ. ವಿದೇಶಿ ವಹಿವಾಟು ಶುಲ್ಕ ತೆಗೆದುಕೊಳ್ಳುವುದು ಕೊಳ್ಳುವವರ ಬ್ಯಾಂಕ್. ಯಾರು, ಎಷ್ಟು, ಯಾವಾಗ ಎನ್ನುವುದು ಬೇರೆಬೇರೆಯಾಗಿ ಕಾಣಿಸಿದರೆ ಅರ್ಧ ಕೆಲಸ ಮುಗಿದಂತೆ.

ಅನಿತಾ ಪಿ.

ಸುಮಾ ಮೇಡಂ, ಶುಲ್ಕ ಇರಲಿ, ರಿಫಂಡ್ ಬಗ್ಗೆ ಬರೆಯಿರಿ! ನಾನು ಒಂದು ಅಂಗಡಿಯಲ್ಲಿ ಕೊಂಡದ್ದನ್ನು ವಾಪಸ್ ಮಾಡಿದೆ, "ಪೂರ್ತಿ ಹಣ ವಾಪಸ್" ಅಂತ ಮೇಲ್ ಬಂತು, ಕಾರ್ಡ್‌ಗೆ ಬಂದದ್ದು ಮಾತ್ರ ಕಡಿಮೆ. ಕೇಳಿದರೆ "ನಾವು ಪೂರ್ತಿ ಕಳಿಸಿದ್ದೇವೆ" ಅಂತಲೇ ಹೇಳಿದರು. ಇದು ಮೋಸ ತಾನೆ?

ಲೆಕ್ಕದ ಪುಟ

ಅನಿತಾ ಅವರೇ, ಇಬ್ಬರೂ ನಿಜ ಹೇಳಿರಬಹುದು. ಒಂದು ಲೆಕ್ಕ ಹಾಕಿಯೇ ತೋರಿಸುತ್ತೇನೆ, ಸುಮಾ ಅವರ ಪ್ರಶ್ನೆಗೂ ಅದರಲ್ಲೇ ಉತ್ತರವಿದೆ. ದರಗಳು ಉದಾಹರಣೆಗೆ ಹಿಡಿದವು.

ಸಾಮಾನು 180 ಡಾಲರ್, ಸಾಗಣೆ 20, ಒಟ್ಟು 200. ಕ್ರೆಡಿಟ್ ಕಾರ್ಡ್, ಹಾಗಾಗಿ 1.5% ಶುಲ್ಕ 3 ಡಾಲರ್. ಬಿಲ್ 203 ಡಾಲರ್. ಕಾರ್ಡ್ ಯೂರೋದ್ದು. ಕಾರ್ಡ್ ಜಾಲದ ಆ ದಿನದ ದರ 1 ಡಾಲರ್‌ಗೆ 0.90 ಯೂರೋ ಇರಲಿ.

ಡಾಲರ್‌ನಲ್ಲೇ ಕಟ್ಟಿದರೆ 203 × 0.90 = 182.70 ಯೂರೋ. ಅವರ ಬ್ಯಾಂಕ್ 2% ಹಾಕುವುದಾದರೆ ಇನ್ನೊಂದು 3.65. ಒಟ್ಟು 186.35.

"ನಿಮ್ಮ ಕರೆನ್ಸಿಯಲ್ಲೇ" ಎಂದು ಒತ್ತಿದರೆ, ಗೇಟ್‌ವೇ 4% ಮಾರ್ಕಪ್ ಹಾಕಿದೆ ಅಂದುಕೊಳ್ಳಿ. ದರ 0.936 ಆಗುತ್ತದೆ. 203 × 0.936 = 190.01 ಯೂರೋ. ಬ್ಯಾಂಕ್ 2% ಹಾಕುವ ಕಾರ್ಡ್‌ಗೂ ಇದು 3.66 ಯೂರೋ ದುಬಾರಿ. ವಿದೇಶಿ ಶುಲ್ಕವೇ ಇಲ್ಲದ ಕಾರ್ಡ್ ಆದರೆ 7.31 ಯೂರೋ ದುಬಾರಿ. ಇದರೊಳಗೆ ಇನ್ನೊಂದು ಇದೆ: ನಿಮ್ಮ 3 ಡಾಲರ್ ಶುಲ್ಕವೂ ಅದೇ ದರದಲ್ಲಿ ಪರಿವರ್ತನೆಯಾಗಿ 2.70ರ ಬದಲು 2.81 ಯೂರೋ ಆಗಿದೆ. ಶುಲ್ಕದ ಮೇಲೂ ಮಾರ್ಕಪ್ ಕೂತಿತು.

ಈಗ ರಿಫಂಡ್. ಡಾಲರ್‌ನಲ್ಲಿ ಕಟ್ಟಿದವರಿಗೆ ಅಂಗಡಿ 203 ಡಾಲರ್ ಪೂರ್ತಿ ವಾಪಸ್ ಕಳಿಸಿತು. ಆ ಹೊತ್ತಿಗೆ ದರ 0.88 ಆಗಿದ್ದರೆ ಕಾರ್ಡ್‌ಗೆ ಬರುವುದು 178.64 ಯೂರೋ, ಅಂದರೆ 4.06 ಕಡಿಮೆ. ಬ್ಯಾಂಕ್ ಹಾಕಿದ 3.65 ವಾಪಸ್ ಬರುತ್ತದೋ ಇಲ್ಲವೋ ಅದು ಬ್ಯಾಂಕಿಗೆ ಬಿಟ್ಟದ್ದು. ಅಂಗಡಿ ಒಂದು ಸೆಂಟನ್ನೂ ಉಳಿಸಿಕೊಂಡಿಲ್ಲ, ಆದರೂ ಕೊಂಡವರಿಗೆ ಕಡಿಮೆ ಬಂತು. ದರ ಏರಿದ್ದರೆ ಹೆಚ್ಚೂ ಬರುತ್ತಿತ್ತು.

ನಿಮ್ಮ ವಿಷಯದಲ್ಲಿ ಮೋಸವೋ ಅಲ್ಲವೋ ತಿಳಿಯುವುದು ಹೀಗೆ: ಕಾರ್ಡ್ ಸ್ಟೇಟ್‌ಮೆಂಟ್‌ನಲ್ಲಿ ಮೂಲ ಕರೆನ್ಸಿಯ ಮೊತ್ತವೂ ಇದ್ದರೆ ಖರೀದಿಯ ಸಾಲನ್ನೂ ರಿಫಂಡ್ ಸಾಲನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮೂಲ ಕರೆನ್ಸಿಯಲ್ಲಿ ಎರಡೂ ಒಂದೇ ಇದ್ದರೆ ದರದ ವ್ಯತ್ಯಾಸ. ಅಲ್ಲೇ ಕಡಿಮೆ ಇದ್ದರೆ ಅಂಗಡಿ ಏನೋ ಹಿಡಿದುಕೊಂಡಿದೆ, ಬಹುಮಟ್ಟಿಗೆ ಕಾರ್ಡ್ ಶುಲ್ಕವನ್ನೋ ಸಾಗಣೆಯನ್ನೋ.

ಅನಿತಾ ಪಿ.

ನೋಡಿದೆ. ಮೂಲ ಕರೆನ್ಸಿಯಲ್ಲೇ ಕಡಿಮೆ ಇದೆ. ಕಾರ್ಡ್ ಶುಲ್ಕ ಎಂದು ಬಿಲ್‌ನಲ್ಲಿ ಇದ್ದಷ್ಟೇ ವ್ಯತ್ಯಾಸ.

ಲೆಕ್ಕದ ಪುಟ

ಹಾಗಾದರೆ ದರದ ಮಾತಲ್ಲ, ಅವರು ಶುಲ್ಕ ಹಿಡಿದಿದ್ದಾರೆ. ಬಿಲ್ಲಿನ ಆ ಸಾಲನ್ನು ತೋರಿಸಿ ಬರಹದಲ್ಲಿ ಕೇಳಿ. ಪೂರ್ತಿ ರಿಫಂಡ್ ಆದಾಗ ಶುಲ್ಕವನ್ನೂ ಪೂರ್ತಿ, ಭಾಗಶಃ ಆದಾಗ ಅದೇ ಪ್ರಮಾಣದಲ್ಲಿ ಹಿಂದಿರುಗಿಸುವುದು ಸರಿಯಾದ ಪದ್ಧತಿ, ಅಮೆರಿಕದಲ್ಲಿ ಕಾರ್ಡ್ ಜಾಲದ ನಿಯಮವೂ ಹಾಗೇ ಇದೆ. ಸುಮಾ ಅವರೇ, ನಿಮ್ಮ ಸೂಚನೆಯಲ್ಲಿ ಇದಕ್ಕೊಂದು ಸಾಲು ಇರಲೇಬೇಕು.

ವಿಜಯಾ ಒಕ್ಕಣೆ

ಲೆಕ್ಕ ಚೆನ್ನಾಗಿದೆ. ಬರವಣಿಗೆ ಕಡೆಯಿಂದ ನನ್ನ ಮಾತು.

ಹಳೆಯ ಸೂಚನೆಯಲ್ಲಿ ಓದುಗರನ್ನು ದಾರಿ ತಪ್ಪಿಸುವುದು "ಅನ್ವಯವಾಗಬಹುದು", "3%ವರೆಗೆ", "ಚಾಲ್ತಿಯಲ್ಲಿರುವ ದರ" ಎಂಬ ಮೂರು ತುಣುಕು. ಬಹುದು ಅಂದರೆ ನನಗೆ ಬೀಳುತ್ತದೋ ಇಲ್ಲವೋ ಗೊತ್ತಾಗುವುದಿಲ್ಲ. 1.5% ಹಾಕುತ್ತಾ 3%ವರೆಗೆ ಎಂದು ಬರೆದರೆ ನಿಮಗೆ ಏರಿಸುವ ಅವಕಾಶ, ಓದುವವರಿಗೆ ಅನುಮಾನ. ಚಾಲ್ತಿಯಲ್ಲಿರುವ ದರ ಎಂದರೆ ಯಾರ ದರ? ಕಾರ್ಡ್ ಜಾಲದ್ದೇ, ಗೇಟ್‌ವೇಯದ್ದೇ? "ಪರಿವರ್ತಿಸಲಾಗುವುದು" ಎಂಬ ಕ್ರಿಯಾಪದದಲ್ಲಿ ಕರ್ತೃವೇ ಇಲ್ಲ. ಸೂಚನೆಯ ಪ್ರತಿ ಸಾಲಿಗೂ "ನಾವು", "ಗೇಟ್‌ವೇ ಕಂಪನಿ", "ನಿಮ್ಮ ಬ್ಯಾಂಕ್" ಎಂಬ ಮೂವರಲ್ಲಿ ಒಬ್ಬರು ಕರ್ತೃವಾಗಲಿ.

ಕರಡು:

"ಕ್ರೆಡಿಟ್ ಕಾರ್ಡ್‌ನಲ್ಲಿ ಪಾವತಿಸಿದರೆ ನಾವು ಸಾಗಣೆ ಸೇರಿದ ಒಟ್ಟು ಮೊತ್ತದ ಮೇಲೆ 1.5% ಶುಲ್ಕ ಸೇರಿಸುತ್ತೇವೆ. 200 ಡಾಲರ್ ಆರ್ಡರ್‌ಗೆ ಇದು 3 ಡಾಲರ್. ಡೆಬಿಟ್ ಕಾರ್ಡ್‌ಗೆ ಶುಲ್ಕವಿಲ್ಲ."

ಇಷ್ಟೇ ಮೊದಲ ಪ್ಯಾರಾ. ಪರಿವರ್ತನೆಯನ್ನು ಇದರೊಳಗೆ ಸೇರಿಸಬೇಡಿ, ಅದಕ್ಕೆ ಬೇರೆ ಪ್ಯಾರಾ, ಬೇರೆ ಜಾಗ.

ದಿನೇಶ್ ಜಿ.

ಚೆಕ್‌ಔಟ್ ಕಟ್ಟುವವನಾಗಿ ಹೇಳುವುದಾದರೆ, ಒಕ್ಕಣೆ ಎಷ್ಟೇ ಚೆನ್ನಾಗಿದ್ದರೂ ಅದು ಕಾಣುವ ಹೊತ್ತು ತಪ್ಪಿದರೆ ಉಪಯೋಗವಿಲ್ಲ. ಕಾರ್ಡ್ ಕ್ರೆಡಿಟ್ಟೋ ಡೆಬಿಟ್ಟೋ ಎನ್ನುವುದು ಕಾರ್ಡ್ ಸಂಖ್ಯೆಯ ಮೊದಲ ಆರರಿಂದ ಎಂಟು ಅಂಕಿ ಬರುವವರೆಗೆ ನಮ್ಮ ಪುಟಕ್ಕೆ ಗೊತ್ತಿರುವುದಿಲ್ಲ. ಹೀಗಾಗಿ ಎರಡು ಹಂತ ಬೇಕು. ಬುಟ್ಟಿಯ ಪುಟದಲ್ಲೇ ವಿಜಯಾ ಅವರ ಸಾಲು, ಯಾವ ಬಗೆಗೆ ಎಷ್ಟು ಎಂದು. ಸಂಖ್ಯೆ ಟೈಪ್ ಮಾಡಿದ ಕೂಡಲೇ ಒಟ್ಟು ಮೊತ್ತದ ಪಟ್ಟಿಯಲ್ಲಿ "ಕ್ರೆಡಿಟ್ ಕಾರ್ಡ್ ಶುಲ್ಕ 3.00" ಎಂಬ ಸಾಲು, ಪಾವತಿ ಗುಂಡಿಯ ಮೇಲೂ 203.00 ಎಂದೇ. ಗುಂಡಿಯ ಮೇಲೆ 200 ಇದ್ದು ಕಾರ್ಡ್‌ನಿಂದ 203 ಹೋದರೆ ಅದೇ ಮೊದಲ ದೂರು.

ಪರಿವರ್ತನೆ ಪರದೆಯಲ್ಲಿ ಸಾಮಾನ್ಯವಾಗಿ ಕೆಡುವುದು ಏನೆಂದರೆ, ಸ್ವಂತ ಕರೆನ್ಸಿಯ ಆಯ್ಕೆಗೆ ಮೊದಲೇ ಗುರುತು ಹಾಕಿಟ್ಟಿರುತ್ತಾರೆ. ಇಲ್ಲವೇ ಅದನ್ನು ದೊಡ್ಡ ಹಸಿರು ಗುಂಡಿ ಮಾಡಿ ಡಾಲರ್ ಆಯ್ಕೆಯನ್ನು ಸಣ್ಣ ಬೂದು ಅಕ್ಷರದಲ್ಲಿ ಹಾಕುತ್ತಾರೆ. ಎರಡೂ ಒಂದೇ ಅಳತೆ, ಒಂದೇ ಬಣ್ಣ, ಯಾವುದಕ್ಕೂ ಗುರುತಿಲ್ಲ, ಒಂದನ್ನು ಒತ್ತುವವರೆಗೆ ಮುಂದೆ ಹೋಗದಿರಲಿ. ಗೇಟ್‌ವೇಯ ಸೆಟ್ಟಿಂಗ್‌ನಲ್ಲಿ ಇದನ್ನು ಬದಲಿಸಬಹುದೇ ಎಂದು ಮೊದಲು ಕೇಳಿ, ಕೆಲವು ಕಂಪನಿಗಳು ತಮ್ಮ ಪರದೆಯನ್ನು ಮುಟ್ಟಲು ಬಿಡುವುದಿಲ್ಲ.

ಪ್ರಕಾಶ್ ಎಂ.

ಒಂದು ಸಂದೇಹ. ಎಷ್ಟೋ ಅಂಗಡಿಗಳಲ್ಲಿ ಬೆಲೆಯೇ ನಮ್ಮ ಕರೆನ್ಸಿಯಲ್ಲಿ ಕಾಣುತ್ತದೆ. ಅಲ್ಲೂ ಈ 4% ಇದ್ದೇ ಇರುತ್ತದಾ?

ಲೆಕ್ಕದ ಪುಟ

ಅದು ಬೇರೆ ಸಂಗತಿ, ಜನ ಹೆಚ್ಚು ಗೊಂದಲವಾಗುವುದೂ ಅಲ್ಲೇ. ಮೂರು ಬಗೆ ಇದೆ. ಅಂಗಡಿ ನಿಮ್ಮ ಕರೆನ್ಸಿಯಲ್ಲಿ ನಿಜವಾಗಿಯೇ ಬೆಲೆ ಕಟ್ಟಿದ್ದರೆ ಕಾಣುವ ಮೊತ್ತವೇ ಕಾರ್ಡ್‌ಗೆ ಬೀಳುವ ಮೊತ್ತ. ತೋರಿಸುವುದಕ್ಕೆ ಮಾತ್ರ ಪರಿವರ್ತಿಸಿ ವಸೂಲಿ ಡಾಲರ್‌ನಲ್ಲಿ ಮಾಡುವುದಾದರೆ, ಕಂಡ ಮೊತ್ತ ಒಂದು ಅಂದಾಜು ಅಷ್ಟೇ. ಮೂರನೆಯದು ಸುಮಾ ಅವರ ಅಂಗಡಿಯ ಹಾಗೆ, ಕೊನೆಯ ಹಂತದಲ್ಲಿ ಗೇಟ್‌ವೇ ಪರಿವರ್ತಿಸುವುದು.

ಎರಡನೆಯ ಬಗೆಯಲ್ಲಿ "ಅಂದಾಜು" ಎಂಬ ಪದ ಬೆಲೆಯ ಪಕ್ಕದಲ್ಲೇ ಇರಬೇಕು, ಪುಟದ ತಳದಲ್ಲಲ್ಲ. ಯಾಕೆಂದರೆ ಎಷ್ಟೋ ಸಲ ದರ ಹಿಡಿಯುವುದು ಆರ್ಡರ್ ಕೊಟ್ಟ ಕ್ಷಣದ್ದಲ್ಲ, ವಹಿವಾಟನ್ನು ಕಾರ್ಡ್ ಜಾಲ ಲೆಕ್ಕಕ್ಕೆ ತೆಗೆದುಕೊಂಡ ದಿನದ್ದು. ಸಾಮಾನು ಕಳಿಸುವಾಗ ಹಣ ಎಳೆಯುವ ಅಂಗಡಿಯಲ್ಲಿ ನಡುವೆ ಹಲವು ದಿನ ಹೋಗುತ್ತವೆ. ಒಂದೇ ಆರ್ಡರನ್ನು ಎರಡು ಪಾರ್ಸೆಲ್ ಮಾಡಿ ಎರಡು ಸಲ ವಸೂಲಿ ಮಾಡಿದರೆ ಸ್ಟೇಟ್‌ಮೆಂಟ್‌ನಲ್ಲಿ ಎರಡು ದರ ಕಾಣಬಹುದು. ಸುಮಾ ಅವರೇ, ನಿಮ್ಮಲ್ಲಿ ವಸೂಲಿ ಯಾವಾಗ?

ಸುಮಾ ಕೆ.

ಕಳಿಸುವ ದಿನ. ಪಾರ್ಸೆಲ್ ಒಂದೇ. ಇನ್ನೊಂದು ವಿಷಯ ಗೇಟ್‌ವೇ ಒಪ್ಪಂದ ತೆರೆದು ನೋಡಿದಾಗ ಗೊತ್ತಾಯಿತು: ಮಾರ್ಕಪ್ 4% ನಿಜ, ಅದರಲ್ಲಿ ಒಂದು ಪಾಲು ನಮಗೆ ಬರುತ್ತದೆ. ಇದನ್ನೂ ಸೂಚನೆಯಲ್ಲಿ ಬರೆಯಬೇಕೇ?

ವಿಜಯಾ ಒಕ್ಕಣೆ

ಬರೆಯಬೇಕು. "ಈ ಮಾರ್ಕಪ್‌ನಲ್ಲಿ ಒಂದು ಪಾಲು ನಮಗೆ ಬರುತ್ತದೆ" ಎಂಬ ಒಂದು ವಾಕ್ಯ ಸಾಕು. ಆಯ್ಕೆ ನಿಮ್ಮದು ಎಂದು ಹೇಳುವವರಿಗೆ ಆ ಆಯ್ಕೆಯಲ್ಲಿ ಲಾಭವಿದ್ದರೆ ಓದುವವರಿಗೆ ಅದು ತಿಳಿದಿರಬೇಕು. ಬೇಡವೆನಿಸಿದರೆ ಆ ಆಯ್ಕೆಯನ್ನೇ ತೆಗೆದುಹಾಕಿ, ಒಂದು ಪ್ಯಾರಾ ಕಡಿಮೆಯಾಗುತ್ತದೆ.

ದಿನೇಶ್ ಜಿ.

ನಾನು ಒಪ್ಪುವುದಿಲ್ಲ. ಮಾರ್ಕಪ್ ಪ್ರತಿಶತ ಮತ್ತು ಎರಡೂ ಕರೆನ್ಸಿಯ ಅಂತಿಮ ಮೊತ್ತ ಕಂಡರೆ ಕೊಳ್ಳುವವರಿಗೆ ನಿರ್ಧರಿಸಲು ಬೇಕಾದ್ದೆಲ್ಲ ಸಿಕ್ಕಿತು. ಆ 4% ಯಾರ್ಯಾರ ನಡುವೆ ಹೇಗೆ ಹಂಚಿಕೆಯಾಗುತ್ತದೆ ಎನ್ನುವುದು ಸೂಚನೆಯನ್ನು ಉದ್ದ ಮಾಡುತ್ತದೆ ಅಷ್ಟೇ. ಉದ್ದವಾದಷ್ಟೂ ಓದುವವರು ಕಡಿಮೆ.

ಲೆಕ್ಕದ ಪುಟ

ಇದರಲ್ಲಿ ನಾನು ವಿಜಯಾ ಅವರ ಕಡೆ, ಆದರೆ ದಿನೇಶ್ ಹೇಳಿದ ಒಂದು ಮಾತು ಮುಖ್ಯ: ಪ್ರತಿಶತ. 4% ಅಂದರೆ ಯಾವುದರ ಮೇಲೆ ಎಂದು ಹೇಳದಿದ್ದರೆ ಆ ಅಂಕಿಗೆ ಬೆಲೆಯಿಲ್ಲ. ಗೇಟ್‌ವೇ ತನ್ನದೇ ಸಗಟು ದರದ ಮೇಲೆ 4% ಎಂದಿರಬಹುದು, ಆ ಸಗಟು ದರದಲ್ಲೇ ಆಗಲೇ ಒಂದಿಷ್ಟು ಕೂತಿರಬಹುದು. ಯುರೋಪಿಯನ್ ಒಕ್ಕೂಟದಲ್ಲಿ 2020ರ ಏಪ್ರಿಲ್ 19ರಿಂದ ಜಾರಿಯಾದ ನಿಯಮ ಇದಕ್ಕೇ ಬಂದದ್ದು. ಒಕ್ಕೂಟದ ಕರೆನ್ಸಿಗಳ ನಡುವಿನ ಕಾರ್ಡ್ ಪಾವತಿಯಲ್ಲಿ, ಮಾರ್ಕಪ್ಪನ್ನು ಯುರೋಪಿಯನ್ ಸೆಂಟ್ರಲ್ ಬ್ಯಾಂಕಿನ ಇತ್ತೀಚಿನ ಉಲ್ಲೇಖ ದರಕ್ಕೆ ಹೋಲಿಸಿ ಪ್ರತಿಶತದಲ್ಲಿ ತೋರಿಸಬೇಕು. ನಿಮಗೆ ಆ ನಿಯಮ ತಾಗದಿದ್ದರೂ ಪದ್ಧತಿ ಒಳ್ಳೆಯದು. ಯಾರು ಬೇಕಾದರೂ ನೋಡಬಹುದಾದ ಒಂದು ದರವನ್ನು ಆಧಾರವಾಗಿ ಹಿಡಿದು, ಅದರ ಹೆಸರನ್ನು ಸೂಚನೆಯಲ್ಲಿ ಹಾಕಿ.

ಗೇಟ್‌ವೇ ಹೇಳಿದ್ದು ನಿಜವೋ ನೋಡುವ ದಾರಿ ಸುಲಭ. ಪರದೆಯಲ್ಲಿ ತೋರಿಸಿದ ಯೂರೋ ಮೊತ್ತವನ್ನು ಡಾಲರ್ ಮೊತ್ತದಿಂದ ಭಾಗಿಸಿ: 190.01 ÷ 203 = 0.936. ಅದನ್ನು ಆ ದಿನದ ಉಲ್ಲೇಖ ದರ 0.90ರಿಂದ ಭಾಗಿಸಿದರೆ 1.04. ಉತ್ತರ 1.04ಕ್ಕಿಂತ ಮೇಲೆ ಬಂದರೆ ಸೂಚನೆಯಲ್ಲಿರುವ 4% ಸುಳ್ಳಾಗುತ್ತದೆ, ಅದರಡಿ ನಿಮ್ಮ ಅಂಗಡಿಯ ಹೆಸರಿರುತ್ತದೆ. ಬೇರೆ ಬೇರೆ ದಿನ, ಬೇರೆ ಬೇರೆ ಕರೆನ್ಸಿಗೆ ಪರೀಕ್ಷೆ ಮಾಡಿ; ಕಡಿಮೆ ಚಲಾವಣೆಯ ಕರೆನ್ಸಿಗಳಲ್ಲಿ ಮಾರ್ಕಪ್ ಹೆಚ್ಚಿರುವುದುಂಟು.

ಅನಿತಾ ಪಿ.

ಇಷ್ಟೆಲ್ಲ ತಾಪತ್ರಯಕ್ಕಿಂತ 1.5%ನ್ನು ಬೆಲೆಯೊಳಗೇ ಸೇರಿಸಿಬಿಡಬಾರದೇ? ಕೊಳ್ಳುವವಳಾಗಿ ನನಗೆ ಒಂದೇ ಮೊತ್ತ ಕಂಡರೆ ಸಾಕು.

ಪ್ರಕಾಶ್ ಎಂ.

ಹಾಗೆ ಮಾಡಿದರೆ ಡೆಬಿಟ್ ಕಾರ್ಡ್‌ನವರು ಕ್ರೆಡಿಟ್ ಕಾರ್ಡ್‌ನವರ ಖರ್ಚನ್ನೂ ಹೊತ್ತ ಹಾಗಾಗುತ್ತದೆ. ಅದು ನ್ಯಾಯವಲ್ಲ.

ಸುಮಾ ಕೆ.

ಈ ಪ್ರಶ್ನೆ ನಮ್ಮಲ್ಲೂ ತೀರ್ಮಾನವಾಗಿಲ್ಲ. ಸದ್ಯಕ್ಕೆ ಶುಲ್ಕ ಬೇರೆಯಾಗಿಯೇ ಇರುತ್ತದೆ. ಎಲ್ಲರ ಮಾತು ಸೇರಿಸಿ ಬರೆದದ್ದು ಇದು. ತಿದ್ದಿ.

ಬುಟ್ಟಿಯ ಪುಟದಲ್ಲಿ:

"ಕ್ರೆಡಿಟ್ ಕಾರ್ಡ್‌ನಲ್ಲಿ ಪಾವತಿಸಿದರೆ ನಾವು ಸಾಗಣೆ ಸೇರಿದ ಒಟ್ಟು ಮೊತ್ತದ ಮೇಲೆ 1.5% ಶುಲ್ಕ ಸೇರಿಸುತ್ತೇವೆ. 200 ಡಾಲರ್ ಆರ್ಡರ್‌ಗೆ ಇದು 3 ಡಾಲರ್. ಡೆಬಿಟ್ ಕಾರ್ಡ್‌ಗೆ ಶುಲ್ಕವಿಲ್ಲ. ನೀವು ಪಾವತಿ ಗುಂಡಿ ಒತ್ತುವ ಮೊದಲೇ ಈ ಮೊತ್ತ ಬೇರೆ ಸಾಲಿನಲ್ಲಿ ಕಾಣುತ್ತದೆ."

ಕರೆನ್ಸಿ ಆರಿಸುವ ಪರದೆಯಲ್ಲಿ:

"ಡಾಲರ್‌ನಲ್ಲಿ ಪಾವತಿಸಿದರೆ: ನಿಮ್ಮ ಕಾರ್ಡ್ ಜಾಲದ ದರದಲ್ಲಿ ಪರಿವರ್ತನೆಯಾಗುತ್ತದೆ. ಸಾಮಾನು ಕಳಿಸುವ ದಿನ ನಾವು ಹಣ ಪಡೆಯುತ್ತೇವೆ, ಆದ್ದರಿಂದ ಆರ್ಡರ್ ದಿನದ ದರಕ್ಕೂ ಇದಕ್ಕೂ ವ್ಯತ್ಯಾಸವಿರಬಹುದು. ನಿಮ್ಮ ಬ್ಯಾಂಕ್ ತನ್ನದೇ ಶುಲ್ಕ ಹಾಕಬಹುದು. ಎಷ್ಟೆಂದು ನಿಮ್ಮ ಬ್ಯಾಂಕನ್ನು ಕೇಳಿ.

ನಿಮ್ಮ ಕರೆನ್ಸಿಯಲ್ಲಿ ಪಾವತಿಸಿದರೆ: ಕೆಳಗೆ ಕಾಣುವ ಮೊತ್ತವೇ ಅಂತಿಮ. ನಮ್ಮ ಗೇಟ್‌ವೇ ಕಂಪನಿ ಯುರೋಪಿಯನ್ ಸೆಂಟ್ರಲ್ ಬ್ಯಾಂಕಿನ ಉಲ್ಲೇಖ ದರದ ಮೇಲೆ 4% ಸೇರಿಸಿದೆ. ಅದರಲ್ಲಿ ಒಂದು ಪಾಲು ನಮಗೆ ಬರುತ್ತದೆ. ಆಗಲೂ ಕೆಲವು ಬ್ಯಾಂಕುಗಳು ವಿದೇಶಿ ವಹಿವಾಟು ಶುಲ್ಕ ಹಾಕುತ್ತವೆ."

ರಿಫಂಡ್ ಪುಟದಲ್ಲಿ:

"ಪೂರ್ತಿ ರಿಫಂಡ್ ಆದರೆ ಕಾರ್ಡ್ ಶುಲ್ಕವನ್ನೂ ಪೂರ್ತಿ ಹಿಂದಿರುಗಿಸುತ್ತೇವೆ, ಭಾಗಶಃ ಆದರೆ ಅದೇ ಪ್ರಮಾಣದಲ್ಲಿ. ಡಾಲರ್‌ನಲ್ಲಿ ಪಾವತಿಸಿದ್ದರೆ ಡಾಲರ್‌ನಲ್ಲೇ ಕಳಿಸುತ್ತೇವೆ. ದರ ಬದಲಾಗಿದ್ದರೆ ನಿಮ್ಮ ಕಾರ್ಡ್‌ಗೆ ಬರುವ ಮೊತ್ತ ಕಟ್ಟಿದ್ದಕ್ಕಿಂತ ಕಡಿಮೆಯೋ ಹೆಚ್ಚೋ ಇರಬಹುದು."

ವಿಜಯಾ ಒಕ್ಕಣೆ

ಬಹಳ ಚೆನ್ನಾಗಿದೆ. ಬ್ಯಾಂಕ್ ಶುಲ್ಕದ ಬಳಿ "ಹಾಕಬಹುದು" ಉಳಿದಿರುವುದು ಸರಿ, ಅಲ್ಲಿ ನಿಮಗೆ ನಿಜವಾಗಿಯೂ ಗೊತ್ತಿಲ್ಲ. ಒಂದೇ ತಿದ್ದುಪಡಿ: ಸೂಚನೆಯ ಕೆಳಗೆ "ಈ ದರ ಯಾವ ದಿನಾಂಕದಿಂದ" ಎಂದು ಹಾಕಿ, ಬದಲಾದರೆ ಹಳೆಯ ಆರ್ಡರ್‌ಗಳಿಗೆ ಹಳೆಯ ದರವೇ ಎಂದು ಸೇರಿಸಿ. "ಪೂರ್ವಸೂಚನೆಯಿಲ್ಲದೆ" ಎಂಬುದರ ಜಾಗಕ್ಕೆ ಅದು ಬರಲಿ.

ಲೆಕ್ಕದ ಪುಟ

ಇನ್ನೆರಡು ನೋಡಿ. ನಿಮ್ಮ ಕರೆನ್ಸಿಯ ಆಯ್ಕೆಯಲ್ಲಿ "ಕೆಳಗೆ ಕಾಣುವ ಮೊತ್ತವೇ ಅಂತಿಮ" ಎಂದಿದ್ದೀರಿ. ನೀವು ಹಣ ಪಡೆಯುವುದು ಕಳಿಸುವ ದಿನ. ಗೇಟ್‌ವೇ ಆ ದರವನ್ನು ಅಲ್ಲಿಯವರೆಗೆ ಹಿಡಿದಿಡುತ್ತದೆಯೇ? ಕೆಲವು ಕಡೆ ದರಕ್ಕೆ ಗಡುವು ಇರುತ್ತದೆ, ಅದು ಮುಗಿದ ಮೇಲೆ ವಸೂಲಿ ಮಾಡಿದರೆ ಹೊಸ ದರ ಬೀಳುತ್ತದೆ ಅಥವಾ ವಹಿವಾಟೇ ಬಿದ್ದುಹೋಗುತ್ತದೆ. ಉತ್ತರ ಬರಹದಲ್ಲಿ ಪಡೆಯಿರಿ, ಆಮೇಲೆ "ಅಂತಿಮ" ಎಂದು ಬರೆಯಿರಿ. ಹಾಗೆಯೇ, ಆ ಆಯ್ಕೆಯಲ್ಲಿ ಕಟ್ಟಿದವರಿಗೆ ರಿಫಂಡ್ ಮೂಲ ದರದಲ್ಲೋ ಹೊಸ ದರದಲ್ಲೋ ಎನ್ನುವುದು ನಿಮ್ಮ ರಿಫಂಡ್ ಪ್ಯಾರಾದಲ್ಲಿ ಇಲ್ಲ. ಅದನ್ನೂ ಅವರನ್ನೇ ಕೇಳಬೇಕು.

ಸುಮಾ ಕೆ.

ಕೇಳಿ ಮೇಲ್ ಹಾಕಿದ್ದೇನೆ. ಉತ್ತರ ಬರುವವರೆಗೆ ಸ್ವಂತ ಕರೆನ್ಸಿಯ ಆಯ್ಕೆಯನ್ನು ಆಫ್ ಮಾಡಿಡುತ್ತೇನೆ, ಉಳಿದ ಎರಡು ಪ್ಯಾರಾ ಇವತ್ತೇ ಹಾಕುತ್ತೇನೆ. ದಿನೇಶ್ ಅವರೇ, ಮೊಬೈಲ್ ವಾಲೆಟ್‌ನಲ್ಲಿ ಕಟ್ಟುವವರ ಕಥೆ ಏನು? ಅಲ್ಲಿ ಕಾರ್ಡ್ ಸಂಖ್ಯೆ ಟೈಪ್ ಮಾಡುವುದೇ ಇಲ್ಲವಲ್ಲ.

ದಿನೇಶ್ ಜಿ.

ಅದು ನಿಜವಾಗಿಯೂ ಕಷ್ಟದ ಜಾಗ. ಒಳಗಿನ ಕಾರ್ಡ್ ಕ್ರೆಡಿಟ್ಟೋ ಡೆಬಿಟ್ಟೋ ಎಂಬುದನ್ನು ಕೆಲವು ವಾಲೆಟ್‌ಗಳು ಪಾವತಿಗೆ ಒಪ್ಪಿಗೆ ಕೊಡುವ ಮೊದಲೇ ಅಂಗಡಿಗೆ ತಿಳಿಸುತ್ತವೆ, ಕೆಲವು ಒಪ್ಪಿಗೆ ಕೊಟ್ಟ ಮೇಲೆ. ಮೊದಲೇ ಗೊತ್ತಾದರೆ ವಾಲೆಟ್‌ನ ಹಾಳೆಯಲ್ಲೇ ಶುಲ್ಕದ ಸಾಲನ್ನು ಸೇರಿಸಬಹುದು. ಆಮೇಲೆ ಗೊತ್ತಾಗುವ ವಾಲೆಟ್‌ನಲ್ಲಿ ಶುಲ್ಕ ಹಾಕಲೇಬೇಡಿ. ಒಪ್ಪಿಗೆ ಕೊಟ್ಟ ಮೊತ್ತಕ್ಕಿಂತ ಮೂರು ಡಾಲರ್ ಹೆಚ್ಚು ಎಳೆದರೆ ಸೂಚನೆಯಲ್ಲಿ ಏನು ಬರೆದಿದ್ದರೂ ಅದು ನಿಲ್ಲುವುದಿಲ್ಲ. ನಿಮ್ಮಲ್ಲಿ ಯಾವ ಯಾವ ವಾಲೆಟ್ ಇವೆ, ಪಟ್ಟಿ ಹಾಕಿ, ಒಂದೊಂದಾಗಿ ನೋಡೋಣ.